ಕತ್ತಲಾದರೆ ಮಲಗುವ ಸ್ವಿಚ್ಚು: ಕಂಪನಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

‘ನಮ್ಮ ಸ್ವಿಚ್ ಕೆಟ್ಟುಹೋಗಿದೆ. ದಿನಾ ತೊಂದರೆ ಕೊಡುತ್ತಿದೆ. ವಾರಂಟಿ ಇನ್ನೂ ಇದೆ. ದಯವಿಟ್ಟು ತಕ್ಷಣ ಹೊಸದು ಕಳಿಸಿಕೊಡಿ.’

ಟಿ. ನರಸೀಪುರದ ಅಕ್ಕಿ ಗಿರಣಿಯೊಂದರ ಲೆಕ್ಕಿಗರು ಸ್ವಿಚ್ ತಯಾರಿಸಿದ ಕಂಪನಿಯ ಸಪೋರ್ಟ್ ವಿಭಾಗಕ್ಕೆ ಕಳಿಸಿದ್ದ ಇಮೇಲ್ ಇಷ್ಟೇ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಮಾರನೆಯ ದಿನ ಬಂದದ್ದು ಹೊಸ ಸ್ವಿಚ್ಚಲ್ಲ, ಪ್ರಶ್ನೆಗಳ ಪಟ್ಟಿ. ಸೀರಿಯಲ್ ನಂಬರ್ ಯಾವುದು? ಕರೆಂಟ್ ಸರಿಯಾಗಿದೆಯೇ? ಯುಪಿಎಸ್ ಇದೆಯೇ? ಸಾಫ್ಟ್‌ವೇರ್ ಯಾವ ಆವೃತ್ತಿ? ಲಾಗ್ ಎಲ್ಲಿ? ಲೆಕ್ಕಿಗರಿಗೆ ರೇಗಿತು. ಕೊಡುವ ಮನಸ್ಸಿಲ್ಲದೆ ಸತಾಯಿಸುತ್ತಿದ್ದಾರೆ ಎಂದೇ ಅವರು ತಿಳಿದರು.

ಹಾಗೆ ತಿಳಿಯುವವರೇ ಹೆಚ್ಚು. ಆದರೆ ಪತ್ರ ಓದುವವನ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಬೇಕು. ಅವನ ಮುಂದೆ ಇಂಥ ಇಮೇಲ್‌ಗಳು ದಿನವಿಡೀ ಬರುತ್ತಲೇ ಇರುತ್ತವೆ. ‘ಸ್ವಿಚ್ ಕೆಟ್ಟಿದೆ’ ಎಂದು ಬರೆದವರಲ್ಲಿ ಎಷ್ಟೋ ಮಂದಿಯ ಸ್ವಿಚ್ ಕೆಟ್ಟಿರುವುದಿಲ್ಲ. ಪ್ಲಗ್ ಸಡಿಲವಾಗಿರುತ್ತದೆ, ಕೇಬಲನ್ನು ಇಲಿ ಕಡಿದಿರುತ್ತದೆ, ಇಲ್ಲವೇ ಯಾರೋ ಸೆಟ್ಟಿಂಗ್ ಬದಲಿಸಿರುತ್ತಾರೆ. ಅಂಥ ಸ್ವಿಚ್ಚನ್ನು ವಾಪಸ್ ತರಿಸಿ ಪರೀಕ್ಷೆಗೆ ಹಚ್ಚಿದರೆ ಅದು ಚೆನ್ನಾಗಿಯೇ ಓಡುತ್ತದೆ. ‘ದೋಷ ಕಂಡುಬಂದಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಗಿರಾಕಿಗೂ ನಷ್ಟ, ಕಂಪನಿಗೂ ನಷ್ಟ. ಹಾಗಾಗಿ ಅವನಿಗೆ ಬೇಕಿರುವುದು ನಮ್ಮ ಸಂಕಟವಲ್ಲ. ದೋಷ ಇರುವುದು ಸ್ವಿಚ್ಚಿನೊಳಗೇ, ಬೇರೆಲ್ಲೂ ಅಲ್ಲ ಎಂಬುದಕ್ಕೆ ಪುರಾವೆ.

ಆ ಪುರಾವೆಯನ್ನು ಕಟ್ಟುವುದು ಹೇಗೆ ಎಂಬುದಕ್ಕೆ ಗಿರಣಿಯ ಇದೇ ಪ್ರಕರಣ ಒಳ್ಳೆಯ ಪಾಠ. ನಾನು ನಂಜನಗೂಡಿನಲ್ಲಿದ್ದುಕೊಂಡು ಸುತ್ತಲಿನ ಊರುಗಳ ಕಚೇರಿ, ಗಿರಣಿ, ಶಾಲೆಗಳ ನೆಟ್‌ವರ್ಕ್ ನೋಡಿಕೊಳ್ಳುವವನು. ಗಿರಣಿಯವರು ಕರೆದದ್ದರಿಂದ ಎರಡನೆಯ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸ್ವಿಚ್ಚು ಮಾಡುವ ಕೆಲಸ

ಇಲ್ಲಿ ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ. ಕಂಪ್ಯೂಟರು, ಕ್ಯಾಮೆರಾ, ಫೋನುಗಳ ಕೇಬಲ್‌ಗಳೆಲ್ಲ ಬಂದು ಸೇರುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಗಿರಣಿಯಲ್ಲಿದ್ದದ್ದು 24 ಪೋರ್ಟುಗಳದ್ದು. ಅದಕ್ಕೆ ಇನ್ನೊಂದು ಗುಣವೂ ಇತ್ತು. ಮಾಹಿತಿ ಸಾಗುವ ಕೇಬಲ್ಲಿನಲ್ಲೇ ಅದು ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಕಳಿಸುತ್ತಿತ್ತು. ಇದಕ್ಕೆ ‘ಪವರ್ ಓವರ್ ಈಥರ್ನೆಟ್’, ಚುಟುಕಾಗಿ ಪಿಒಇ ಎನ್ನುತ್ತಾರೆ. ಹೀಗಾಗಿ ಕ್ಯಾಮೆರಾ ಇರುವ ಕಂಬಕ್ಕೆಲ್ಲ ಬೇರೆ ಕರೆಂಟ್ ವೈರು ಎಳೆಯುವ ತಾಪತ್ರಯವಿಲ್ಲ. ಸ್ವಿಚ್ಚಿನೊಳಗಿನ ಪವರ್ ಸಪ್ಲೈ 230 ವೋಲ್ಟಿನ ಮನೆ ಕರೆಂಟನ್ನು ಸುಮಾರು 54 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಿಸಿ ಪೋರ್ಟುಗಳಿಗೆ ಹಂಚುತ್ತದೆ. ಈ ಸ್ವಿಚ್ಚು ಎಲ್ಲ ಪೋರ್ಟುಗಳಿಗೂ ಸೇರಿ 190 ವ್ಯಾಟ್ ಕೊಡಬಲ್ಲದು ಎಂದು ಕಂಪನಿಯ ಕೈಪಿಡಿಯಲ್ಲೇ ಬರೆದಿತ್ತು. ಗಿರಣಿಯ ಅಂಗಳ, ಭತ್ತದ ಗೋದಾಮು, ತೂಕದ ಕಟ್ಟೆ ಎಲ್ಲ ಸೇರಿ ಅದಕ್ಕೆ 14 ಕ್ಯಾಮೆರಾ ಜೋಡಿಸಲಾಗಿತ್ತು.

ತೊಂದರೆ ಏನೆಂದರೆ, ಸ್ವಿಚ್ ತಾನೇ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಒಮ್ಮೆ ಹೀಗಾದರೆ ಅದು ಎದ್ದು ನಿಲ್ಲಲು ಸುಮಾರು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಯಾವ ಕ್ಯಾಮೆರಾದಲ್ಲೂ ಚಿತ್ರವಿಲ್ಲ. ರಾತ್ರಿ ಮತ್ತೆ ಮತ್ತೆ ಹೀಗಾದರೆ ಭತ್ತದ ಲಾರಿ ಬಂದುಹೋದದ್ದೂ ರೆಕಾರ್ಡ್ ಆಗುವುದಿಲ್ಲ.

ಲೆಕ್ಕಿಗರು ‘ದಿನಾ ತೊಂದರೆ’ ಎಂದು ಬರೆದಿದ್ದರು. ಯಾವಾಗ ಎಂದು ಬರೆದಿರಲಿಲ್ಲ. ಅದನ್ನು ಗಮನಿಸಿದ್ದವರು ಗಿರಣಿಯ ಕಾವಲುಗಾರರು. ‘ಕತ್ಲಾಯ್ತಿದ್ದಂಗೆ ಕ್ಯಾಮ್ರಾ ಎಲ್ಲ ಹೊಂಟೋಯ್ತವೆ ಸಾ. ಕರೆಂಟು ಇದ್ದೇ ಇರ್ತದೆ’ ಎಂದರು ಅವರು. ಸ್ವಲ್ಪ ತಡೆದು, ‘ಮೋಡ ಕವ್ಕಂಡು ಮಳೆ ಬಂದ್ರೆ ಹಗ್ಲೊತ್ನಾಗೂ ಹಿಂಗೇ ಮಾಡ್ತದೆ’ ಎಂದು ಸೇರಿಸಿದರು. ತನಿಖೆ ಹಿಡಿದ ದಾರಿಯೆಲ್ಲ ಈ ಎರಡನೆಯ ಮಾತಿನಿಂದಲೇ.

ಸಂಜೆ ಮಾತ್ರ ಎಂದಿದ್ದರೆ ಊರಿನ ಕರೆಂಟನ್ನು ಅನುಮಾನಿಸಬಹುದಿತ್ತು. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದಾಗ ವೋಲ್ಟೇಜ್ ಇಳಿಯುವುದು ಹಳ್ಳಿ ಕಡೆ ಹೊಸದಲ್ಲ. ಗಿರಣಿಯ ದೊಡ್ಡ ಮೋಟರುಗಳನ್ನು ಅನುಮಾನಿಸಲು ಬರುವುದಿಲ್ಲ, ಅವು ಓಡುವುದು ಹಗಲಲ್ಲಿ. ಆದರೆ ಮೋಡ ಮುಸುಕಿದ ಮಧ್ಯಾಹ್ನಕ್ಕೂ ಕತ್ತಲೆಗೂ ಸಾಮಾನ್ಯವಾಗಿರುವುದು ಬೆಳಕಿನ ಕೊರತೆಯೊಂದೇ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಏನು ಮಾಡುತ್ತದೆ? ಕಣ್ಣಿಗೆ ಹೆಚ್ಚೂಕಡಿಮೆ ಕಾಣದ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಹಗಲಲ್ಲಿ ನಾಲ್ಕೂವರೆ ವ್ಯಾಟ್ ಎಳೆಯುತ್ತಿದ್ದ ಕ್ಯಾಮೆರಾ ಆಗ ಒಂಬತ್ತೂವರೆ ವ್ಯಾಟ್ ಎಳೆಯುತ್ತದೆ. 14 ಕ್ಯಾಮೆರಾಗೆ ಲೆಕ್ಕ ಹಾಕಿದರೆ ಹಗಲಿನ ಹೊರೆ 63 ವ್ಯಾಟ್, ರಾತ್ರಿಯ ಹೊರೆ 133 ವ್ಯಾಟ್. 190ರ ಮಿತಿಗಿಂತ ಇದು ಸಾಕಷ್ಟು ಕೆಳಗೇ ಇದೆ. ಆದರೂ ಸ್ವಿಚ್ ಮಲಗುತ್ತಿದೆ ಎಂದರೆ ಅದರ ಪವರ್ ಸಪ್ಲೈಗೆ ಹೇಳಿಕೊಂಡಷ್ಟು ಶಕ್ತಿ ಉಳಿದಿಲ್ಲ ಎಂಬ ಗುಮಾನಿ ಹುಟ್ಟುತ್ತದೆ.

ಆದರೆ ಗುಮಾನಿಯನ್ನು ನಂಬಿ ಯಾವ ಕಂಪನಿಯೂ ಹೊಸ ಪೆಟ್ಟಿಗೆ ಕಳಿಸುವುದಿಲ್ಲ.

ಲಾಗ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸ್ವಿಚ್ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಅದೇ ಲಾಗ್. ಯಾವ ಪೋರ್ಟ್ ಎದ್ದಿತು, ಯಾವುದು ಬಿದ್ದಿತು, ಎಷ್ಟು ವ್ಯಾಟ್ ಹೋಗುತ್ತಿದೆ, ಎಲ್ಲವೂ ಸಮಯದ ಸಮೇತ ಅಲ್ಲಿರುತ್ತದೆ. ಆದರೆ ಬಹುಪಾಲು ಸ್ವಿಚ್ಚುಗಳಲ್ಲಿ ಈ ದಿನಚರಿ ಇರುವುದು ತಾತ್ಕಾಲಿಕ ನೆನಪಿನಲ್ಲಿ. ವಿದ್ಯುತ್ ಹೋದರೆ ಅದೂ ಅಳಿಸಿಹೋಗುತ್ತದೆ. ಅಂದರೆ ನಮಗೆ ಬೇಕಾದ ಗಳಿಗೆಯ ದಾಖಲೆಯೇ ಇರುವುದಿಲ್ಲ. ಇದಕ್ಕೆ ಪರಿಹಾರ, ಲಾಗ್ ಸಾಲುಗಳನ್ನು ಅವು ಹುಟ್ಟಿದ ಕ್ಷಣವೇ ಬೇರೊಂದು ಕಂಪ್ಯೂಟರಿಗೆ ಕಳಿಸುವಂತೆ ಸ್ವಿಚ್ಚಿಗೆ ಹೇಳುವುದು. ಇದನ್ನು ‘ಸಿಸ್‌ಲಾಗ್’ ಎನ್ನುತ್ತಾರೆ. ಗಿರಣಿಯ ಆಫೀಸಿನ ಕಂಪ್ಯೂಟರನ್ನೇ ಇದಕ್ಕೆ ಹಚ್ಚಿ, ಎರಡೂ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸುವಂತೆ ಮಾಡಿದೆ. ಗಡಿಯಾರ ಸರಿಯಿಲ್ಲದ ಲಾಗ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ಎರಡು ಯಂತ್ರಗಳ ಮಾತನ್ನು ಪಕ್ಕಪಕ್ಕ ಇಟ್ಟು ಓದಲು ಆಗುವುದು ಸಮಯ ಹೊಂದಿದರೆ ಮಾತ್ರ.

ಒಂದು ಸಂಜೆ ಸಿಕ್ಕ ಸಾಲುಗಳು ಹೀಗಿದ್ದವು:

```
Jun 11 19:01:40 sw-mill poe: total 112 W of 190 W
Jun 11 19:04:10 sw-mill poe: total 126 W of 190 W
Jun 11 19:09:32 sw-mill system: cold start, reason: power-on
```

ಕತ್ತಲಾದಂತೆ ಒಂದೊಂದೇ ಕ್ಯಾಮೆರಾ ದೀಪ ಹೊತ್ತಿಸಿಕೊಳ್ಳುತ್ತದೆ, ಹೊರೆ 112ರಿಂದ 126 ವ್ಯಾಟ್‌ಗೆ ಏರುತ್ತದೆ. ಆಮೇಲೆ ಮೌನ. ಐದು ನಿಮಿಷ ಕಳೆದ ಮೇಲೆ ‘ಈಗ ತಾನೆ ಎದ್ದೆ’ ಎಂಬ ಸಾಲು. ನಡುವೆ ‘ಮರುಚಾಲನೆ ಆಗುತ್ತಿದೆ’ ಎಂಬ ಎಚ್ಚರಿಕೆಯಾಗಲಿ, ಸಾಫ್ಟ್‌ವೇರ್ ಕುಸಿದಾಗ ಉಳಿಯುವ ಕ್ರ್ಯಾಶ್ ಫೈಲ್ ಆಗಲಿ ಇಲ್ಲ. ಈ ಇಲ್ಲದಿರುವಿಕೆಯೇ ಒಂದು ಸಾಕ್ಷಿ. ಸಾಫ್ಟ್‌ವೇರ್ ತಪ್ಪಿನಿಂದ ಬಿದ್ದ ಯಂತ್ರ ಸಾಮಾನ್ಯವಾಗಿ ಏನಾದರೂ ಗುರುತು ಬಿಟ್ಟು ಬೀಳುತ್ತದೆ. ವಿದ್ಯುತ್ ತಪ್ಪಿ ಬಿದ್ದದ್ದಕ್ಕೆ ಗುರುತು ಬರೆಯಲೂ ಪುರುಸೊತ್ತಿರುವುದಿಲ್ಲ.

ಆದರೆ ಇಲ್ಲಿ ಒಂದು ತೊಡಕಿದೆ. `power-on` ಎಂಬ ಕಾರಣ ಎರಡು ಸಂದರ್ಭಗಳಲ್ಲೂ ಬರುತ್ತದೆ. ಊರಿಗೇ ಕರೆಂಟ್ ಹೋಗಿ ಬಂದರೂ ಅದೇ, ಸ್ವಿಚ್ಚಿನೊಳಗಿನ ಪವರ್ ಸಪ್ಲೈ ಒಂದು ಕ್ಷಣ ಕೈಕೊಟ್ಟರೂ ಅದೇ. ಈ ಲಾಗನ್ನಷ್ಟೇ ಕಳಿಸಿದ್ದರೆ ಕಂಪನಿಯವರು ‘ನಿಮ್ಮ ಕರೆಂಟ್ ನೋಡಿಕೊಳ್ಳಿ’ ಎಂದು ಬರೆಯುತ್ತಿದ್ದರು. ಅದು ನ್ಯಾಯವಾದ ಉತ್ತರವೇ.

ಹಾಗಾಗಿ ಎರಡನೆಯ ಸಾಕ್ಷಿ ಬೇಕು. ಸ್ವಿಚ್ಚಿಗೆ ಕರೆಂಟ್ ಕೊಡುವ ಯುಪಿಎಸ್‌ನ ಅದೇ ಪ್ಲಗ್ ಪಟ್ಟಿಯಿಂದ ವಿದ್ಯುತ್ ಪಡೆಯುತ್ತಿದ್ದ ಇನ್ನೊಂದು ಯಂತ್ರ ಕ್ಯಾಮೆರಾ ರೆಕಾರ್ಡರ್. ಅದು ಎಷ್ಟು ಹೊತ್ತಿನಿಂದ ಎಡೆಬಿಡದೆ ಓಡುತ್ತಿದೆ ಎಂದು ನೋಡಿದರೆ 41 ದಿನ. ಅದೇ ಹೊತ್ತಿಗೆ ಸ್ವಿಚ್ಚಿನ ಲೆಕ್ಕ ನಾಲ್ಕು ಗಂಟೆ. ಯುಪಿಎಸ್‌ನ ದಾಖಲೆಯಲ್ಲೂ ಆ ಸಂಜೆ ಬ್ಯಾಟರಿಗೆ ಹೊರಳಿದ ಗುರುತಿರಲಿಲ್ಲ. ಒಂದೇ ಪ್ಲಗ್ ಪಟ್ಟಿಯ ಎರಡು ಯಂತ್ರಗಳಲ್ಲಿ ಒಂದು ಮಾತ್ರ ಬೀಳುತ್ತಿದ್ದರೆ ಪಟ್ಟಿಯವರೆಗೆ ಬರುವ ಕರೆಂಟನ್ನು ದೂರುವಂತಿಲ್ಲ. ಉಳಿದದ್ದು ಸ್ವಿಚ್ಚಿನ ಪವರ್ ಕಾರ್ಡ್ ಮತ್ತು ಸ್ವಿಚ್. ಕಾರ್ಡ್ ಬದಲಿಸಿ, ಪಟ್ಟಿಯ ಬೇರೆ ತೂತಿಗೆ ಹಾಕಿದ್ದಾಯಿತು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿದು ನೋಡಿದರೆ 0.8 ವೋಲ್ಟ್, ಅಂದರೆ ಅರ್ಥಿಂಗಿನಲ್ಲೂ ಆತಂಕಪಡುವಂಥದ್ದೇನಿಲ್ಲ. ಸ್ವಿಚ್ ಮಾತ್ರ ಅದೇ ಚಾಳಿ ಮುಂದುವರಿಸಿತು.

ದೋಷ ಯಾರ ಹಿಂದೆ ಹೋಗುತ್ತದೆ?

ಇಷ್ಟಾದರೂ ಒಂದು ಬಾಗಿಲು ತೆರೆದೇ ಇತ್ತು. ಕ್ಯಾಮೆರಾ ಕೇಬಲ್ ಒಂದರಲ್ಲಿ ಮಳೆನೀರು ಇಳಿದು ಹೊರೆ ವಿಪರೀತವಾಗುತ್ತಿರಬಹುದಲ್ಲವೇ? ಸಾಮಾನ್ಯವಾಗಿ ಅಂಥ ಪೋರ್ಟನ್ನು ಸ್ವಿಚ್ ತಾನೇ ಮುಚ್ಚಿ ಲಾಗಿನಲ್ಲಿ ಬರೆಯುತ್ತದೆ, ಇಡೀ ಪೆಟ್ಟಿಗೆ ಮಲಗುವುದಿಲ್ಲ. ಆದರೆ ‘ಸಾಮಾನ್ಯವಾಗಿ’ ಎಂಬ ಮಾತಿಗೆ ಪುರಾವೆಯ ತೂಕವಿಲ್ಲ. ಇದನ್ನು ಬಗೆಹರಿಸಲು ಇರುವ ನೇರ ದಾರಿ ಅದಲುಬದಲು. ಅನುಮಾನದ ಸ್ವಿಚ್ಚನ್ನು ಬೇರೆ ಜಾಗಕ್ಕೆ ಒಯ್ಯಬೇಕು, ಅದರ ಜಾಗದಲ್ಲಿ ಬೇರೊಂದನ್ನು ಕೂರಿಸಬೇಕು. ದೋಷ ಜಾಗದಲ್ಲೇ ಉಳಿದರೆ ತಪ್ಪು ಜಾಗದ್ದು. ಸ್ವಿಚ್ಚಿನ ಹಿಂದೆ ಹೋದರೆ ತಪ್ಪು ಸ್ವಿಚ್ಚಿನದ್ದು.

ಅದೇ ಸಾಮರ್ಥ್ಯದ ಎರವಲು ಸ್ವಿಚ್ಚೊಂದು ನರಸೀಪುರದ ಗಿರಣಿಯಲ್ಲಿ ಕೂತಿತು. ಅದೇ ಪ್ಲಗ್, ಅದೇ ಕೇಬಲ್, ಅದೇ 14 ಕ್ಯಾಮೆರಾ. ರಾತ್ರಿಯಿಡೀ 133 ವ್ಯಾಟ್ ಆಸುಪಾಸಿನ ಹೊರೆ ಹೊತ್ತು ಅದು ಕದಲದೆ ಓಡಿತು. ಕೇಬಲ್, ಕ್ಯಾಮೆರಾ, ಕರೆಂಟ್ ಮೂರರ ಮೇಲಿದ್ದ ಅನುಮಾನವೂ ಒಮ್ಮೆಗೇ ತೀರಿತು.

ಕೆಟ್ಟ ಸ್ವಿಚ್ ನಂಜನಗೂಡಿಗೆ ಬಂತು. ನನ್ನ ಅಂಗಡಿಯ ಮೇಜಿನ ಮೇಲಿಟ್ಟು ಆನ್ ಮಾಡಿದರೆ ಹಗಲೂ ರಾತ್ರಿಯೂ ತೆಪ್ಪಗೆ ಓಡಿತು. ಇಂಥ ಪ್ರಕರಣಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ. ಖಾಲಿ ಸ್ವಿಚ್ಚಿಗೆ ಹೊರೆಯೇ ಇಲ್ಲ, ಅದು ಏಕೆ ಮಲಗಬೇಕು? ಕಂಪನಿಯ ಪರೀಕ್ಷಾ ಕೋಣೆಯಲ್ಲೂ ಹೊರೆಯಿಲ್ಲದೆ ಹೀಗೆಯೇ ಇಟ್ಟು ನೋಡಿದರೆ ‘ದೋಷ ಕಂಡುಬಂದಿಲ್ಲ’ ಎಂದೇ ಬರೆಯುತ್ತಾರೆ. ಆದ್ದರಿಂದ ದೋಷ ಇದೆ ಎಂದರೆ ಸಾಲದು. ಯಾವ ಸ್ಥಿತಿಯಲ್ಲಿ ಅದು ತಪ್ಪದೆ ಹೊರಬರುತ್ತದೆ ಎಂಬುದನ್ನು ಕಂಡುಹಿಡಿದು ಹೇಳಬೇಕು.

ಅಂಗಡಿಯಲ್ಲಿ ಬೇರೊಂದು ಕೆಲಸಕ್ಕೆಂದು ತರಿಸಿದ್ದ ಅದೇ ಮಾದರಿಯ 14 ಕ್ಯಾಮೆರಾಗಳಿದ್ದವು. ಎಲ್ಲವನ್ನೂ ಸ್ವಿಚ್ಚಿಗೆ ಜೋಡಿಸಿದಾಗ ಹೊರೆ 63 ವ್ಯಾಟ್. ಆಮೇಲೆ ಒಂದೊಂದೇ ಕ್ಯಾಮೆರಾದ ಲೆನ್ಸ್ ಪಕ್ಕದ ಬೆಳಕಿನ ಸೆನ್ಸರ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸುತ್ತಾ ಬಂದೆವು. ಟೇಪು ಬಿದ್ದೊಡನೆ ಕ್ಯಾಮೆರಾ ಕತ್ತಲಾಯಿತೆಂದು ತಿಳಿದು ದೀಪ ಹೊತ್ತಿಸಿಕೊಳ್ಳುತ್ತದೆ. ಒಳಗಿನ ಗುಂಡಿಗಳು ಮಂದ ಕೆಂಪಾಗುತ್ತವೆ. ಪ್ರತಿ ಟೇಪಿಗೂ ಐದು ವ್ಯಾಟ್ ಏರಿಕೆ. ಹತ್ತು ಕ್ಯಾಮೆರಾಗೆ ಟೇಪು ಬಿದ್ದಾಗ 113 ವ್ಯಾಟ್, ಸ್ವಿಚ್ ಗಟ್ಟಿಯಾಗಿತ್ತು. ಹನ್ನೊಂದಕ್ಕೆ 118, ಆಗಲೂ ನಿಂತಿತು. ಹನ್ನೆರಡನೆಯದಕ್ಕೆ 123 ವ್ಯಾಟ್ ಆಗಿ ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಸ್ವಿಚ್ಚಿನ ಮುಂಭಾಗದ ದೀಪಗಳೆಲ್ಲ ಒಮ್ಮೆಗೇ ಆರಿ ಮತ್ತೆ ಹತ್ತಿದವು. ಪುನಃ ಮಾಡಿದರೂ ಅದೇ. ಟೇಪು ಕಿತ್ತು 63ಕ್ಕೆ ಇಳಿಸಿದರೆ ಮತ್ತೆ ಸಾಧು.

ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಕಂಪನಿಯವರು ಮೊದಲು ಹೇಳುವ ಮಾತು ‘ಸಾಫ್ಟ್‌ವೇರ್ ಹೊಸದು ಹಾಕಿ, ಫ್ಯಾಕ್ಟರಿ ರೀಸೆಟ್ ಮಾಡಿ’ ಎಂಬುದು. ಅವರು ಹೇಳಿದ ಮೇಲೆ ಮಾಡಿದರೆ ಒಂದು ಸುತ್ತು ಪತ್ರವ್ಯವಹಾರ ಹೆಚ್ಚು. ಅದಕ್ಕೇ ಮೊದಲೇ ಎರಡನ್ನೂ ಮಾಡಿ ಟೇಪಿನ ಪರೀಕ್ಷೆ ಮತ್ತೆ ನಡೆಸಿದ್ದಾಯಿತು. ಫಲಿತಾಂಶ ಬದಲಾಗಲಿಲ್ಲ. ಇನ್ನೊಂದು ಅನುಮಾನ ಕಾವು. ಗಿರಣಿಯ ತೌಡಿನ ಧೂಳು, ತಗಡಿನ ಸೂರು ನೋಡಿದವರಿಗೆ ಇದು ಹೊಳೆಯಲೇಬೇಕು. ಗಿರಣಿಯಲ್ಲಿ ಬಿದ್ದಾಗ ಸ್ವಿಚ್ಚಿನೊಳಗಿನ ಉಷ್ಣತೆ 48 ಡಿಗ್ರಿ ಇತ್ತು, ಅಂಗಡಿಯಲ್ಲಿ ಬಿದ್ದಾಗ 41. ತಂಪಾದ ಜಾಗದಲ್ಲೂ ಅಷ್ಟೇ ಹೊರೆಗೆ ಬೀಳುತ್ತಿದೆ ಎಂದರೆ ಆ ಹೊತ್ತಿನ ಬಿಸಿ ಕಾರಣವಲ್ಲ.

ಒಳಗೆ ಏನಾಗಿರಬಹುದು

ಸ್ವಿಚ್ಚಿನ ಮುಚ್ಚಳ ಬಿಚ್ಚಲಿಲ್ಲ. ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದರೆ ವಾರಂಟಿ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪವರ್ ಸಪ್ಲೈಯ ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಆದರೂ ಏನಾಗಿರಬಹುದು ಎಂದು ಊಹಿಸಬಹುದು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಎಟಿ ಅಂಡ್ ಎಸ್ ಕಂಪನಿಯ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆ ಇರುವುದು ಈ ಭಾಗದವರಿಗೆ ಗೊತ್ತು. ಯಂತ್ರದೊಳಗಿನ ಅಂಥ ಹಸಿರು ಹಲಗೆ ತಾನಾಗಿ ಹಾಳಾಗುವುದು ಅಪರೂಪ. ಮೊದಲು ಸೋಲುವುದು ಅದರ ಮೇಲೆ ಕೂತ ಬಿಡಿಭಾಗಗಳು, ಅವುಗಳಲ್ಲೂ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳು. ವಿದ್ಯುತ್ತಿನ ಏರಿಳಿತವನ್ನು ನುಂಗಿ ಸಮವಾಗಿ ಹರಿಸುವುದು ಅವುಗಳ ಕೆಲಸ. ಒಳಗಿರುವ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಸುತ್ತಲಿನ ಕಾವು 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಹಿಡಿದುಕೊಂಡು ಬಂದಿರುವ ಸ್ಥೂಲ ಲೆಕ್ಕ. ಒಣಗಿದ ಕೆಪಾಸಿಟರ್ ಹಗುರ ಹೊರೆಯನ್ನು ನಿಭಾಯಿಸುತ್ತದೆ. ಹೊರೆ ಏರಿದಾಗ ವೋಲ್ಟೇಜ್ ಕುಲುಕಾಡಿ ಒಂದು ಕ್ಷಣ ಮಿತಿಗಿಂತ ಕೆಳಗಿಳಿಯುತ್ತದೆ. ಕಾವಲಿಗೆಂದೇ ಇಟ್ಟಿರುವ ಚಿಪ್ ಅದನ್ನು ಕಂಡು ಇಡೀ ಯಂತ್ರವನ್ನು ಮರುಚಾಲನೆ ಮಾಡುತ್ತದೆ. ನಮಗೆ ಕಂಡ ಲಕ್ಷಣಗಳಿಗೆಲ್ಲ ಇದು ಹೊಂದುತ್ತದೆ. ಸಿಡಿಲಿನಿಂದ ಆದ ಹಾನಿಯಾಗಿದ್ದರೆ ಸಾಮಾನ್ಯವಾಗಿ ಪೋರ್ಟುಗಳು ಶಾಶ್ವತವಾಗಿ ಸತ್ತಿರುತ್ತವೆ. ಹಗಲು ಬದುಕಿ ರಾತ್ರಿ ಮಾತ್ರ ಬೀಳುವುದು ಅಪರೂಪ. ಈ ವ್ಯತ್ಯಾಸ ಪತ್ರದಲ್ಲಿ ಬರಲೇಬೇಕು, ಏಕೆಂದರೆ ಸಿಡಿಲು, ನೀರು, ವೋಲ್ಟೇಜ್ ಹೊಡೆತದ ಹಾನಿಯನ್ನು ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗೆಂದು ಸಿಡಿಲೇ ಹೊಡೆದಿದ್ದರೆ ಮರೆಮಾಚಲು ಹೋಗಬಾರದು. ಒಳಗೆ ಸುಟ್ಟ ಗುರುತಿದ್ದರೆ ಮುಚ್ಚಳ ತೆಗೆದೊಡನೆ ಕಾಣುತ್ತದೆ.

ಕಾರಣ ಕೆಪಾಸಿಟರೇ ಎಂದು ಪತ್ರದಲ್ಲಿ ಖಡಾಖಂಡಿತವಾಗಿ ಬರೆಯುವುದೂ ತಪ್ಪು. ಕಂಡದ್ದನ್ನು ಕಂಡದ್ದೆಂದು, ಊಹಿಸಿದ್ದನ್ನು ಊಹೆಯೆಂದು ಬೇರೆ ಬೇರೆ ಬರೆಯಬೇಕು. ಊಹೆ ತಪ್ಪಾಗಿದ್ದರೆ ಓದುವವನು ಕಂಡದ್ದನ್ನೂ ನಂಬದೆ ಹೋಗುತ್ತಾನೆ.

ಹೋದ ಪತ್ರ

ಕಂಪನಿಗೆ ಹೋದದ್ದು ಇಂಗ್ಲಿಷಿನಲ್ಲಿ. ಅದರ ತಿರುಳು ಇದು:

> ವಿಷಯ: 24 ಪೋರ್ಟ್ ಪಿಒಇ ಸ್ವಿಚ್, ಹೊರೆ 120 ವ್ಯಾಟ್ ದಾಟಿದರೆ ತಾನಾಗಿ ಮರುಚಾಲನೆ; ಬದಲಿ ಯಂತ್ರ ಕೋರಿ
>
> ಮಾನ್ಯರೇ,
>
> ಯಂತ್ರದ ಮಾದರಿ, ಸೀರಿಯಲ್ ಸಂಖ್ಯೆ, ಸಾಫ್ಟ್‌ವೇರ್ ಆವೃತ್ತಿ ಮತ್ತು ಖರೀದಿ ಬಿಲ್ಲಿನ ಪ್ರತಿ ಈ ಕೆಳಗಿವೆ. ಯಂತ್ರ ವಾರಂಟಿ ಅವಧಿಯಲ್ಲಿದೆ.
>
> ದೋಷ: ಒಟ್ಟು ಪಿಒಇ ಹೊರೆ ಸುಮಾರು 120 ವ್ಯಾಟ್ ದಾಟಿದಾಗ ಕೆಲವೇ ನಿಮಿಷಗಳಲ್ಲಿ ಸ್ವಿಚ್ ಮರುಚಾಲನೆಯಾಗುತ್ತದೆ. ಕೈಪಿಡಿಯ ಪ್ರಕಾರ ಮಿತಿ 190 ವ್ಯಾಟ್. 115 ವ್ಯಾಟ್‌ಗಿಂತ ಕಡಿಮೆ ಹೊರೆಯಲ್ಲಿ ತೊಂದರೆ ಕಂಡಿಲ್ಲ. ಲಾಗಿನಲ್ಲಿ ಕಾರಣ ‘ಪವರ್ ಆನ್’ ಎಂದಿದೆ. ಕ್ರ್ಯಾಶ್ ಫೈಲ್ ಇಲ್ಲ.
>
> ಹೊರಗಿನ ಕಾರಣಗಳ ಪರಿಶೀಲನೆ: ಅದೇ ಯುಪಿಎಸ್‌ನಲ್ಲಿರುವ ರೆಕಾರ್ಡರ್ 41 ದಿನಗಳಿಂದ ನಿಂತಿಲ್ಲ. ಪವರ್ ಕಾರ್ಡ್ ಮತ್ತು ಸಾಕೆಟ್ ಬದಲಿಸಿದೆ. ನ್ಯೂಟ್ರಲ್–ಅರ್ಥ್ ವೋಲ್ಟೇಜ್ 0.8. ಅದೇ ಜಾಗದಲ್ಲಿ, ಅದೇ ಕ್ಯಾಮೆರಾಗಳೊಂದಿಗೆ ಬೇರೊಂದು ಸ್ವಿಚ್ ಸುಮಾರು 133 ವ್ಯಾಟ್ ಹೊರೆಯಲ್ಲಿ ರಾತ್ರಿಯಿಡೀ ಓಡಿದೆ. ದೋಷವಿರುವ ಸ್ವಿಚ್ಚನ್ನು ಬೇರೆ ಊರಿಗೆ ಒಯ್ದು ಬೇರೆ ವಿದ್ಯುತ್, ಬೇರೆ ಕೇಬಲ್, ಬೇರೆ ಕ್ಯಾಮೆರಾಗಳೊಂದಿಗೆ ಪರೀಕ್ಷಿಸಿದಾಗಲೂ ಅದೇ ದೋಷ ಬಂದಿದೆ. ಸಾಫ್ಟ್‌ವೇರ್ ನವೀಕರಣ ಮತ್ತು ಫ್ಯಾಕ್ಟರಿ ರೀಸೆಟ್ ನಂತರವೂ ಬದಲಾವಣೆಯಿಲ್ಲ. ಸುಟ್ಟ ವಾಸನೆ, ಸತ್ತ ಪೋರ್ಟ್ ಇಲ್ಲ. ಯಂತ್ರವನ್ನು ತೆರೆದಿಲ್ಲ.
>
> ಮತ್ತೆ ತೋರಿಸುವ ಕ್ರಮ: 63 ವ್ಯಾಟ್‌ನಿಂದ ಆರಂಭಿಸಿ ಐದೈದು ವ್ಯಾಟ್ ಏರಿಸಿ. 123 ವ್ಯಾಟ್‌ನಲ್ಲಿ ಹತ್ತು ನಿಮಿಷ ಬಿಡಿ. ಖಾಲಿ ಯಂತ್ರವನ್ನು ಪರೀಕ್ಷಿಸಿದರೆ ದೋಷ ಕಾಣುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.
>
> ನಮ್ಮ ಊಹೆ: ಒಳಗಿನ ಪವರ್ ಸಪ್ಲೈ. ಖಚಿತವಾಗಿ ಹೇಳಲಾರೆವು.
>
> ಕೋರಿಕೆ: ಯಂತ್ರವನ್ನು ಬದಲಿಸಿಕೊಡಿ. ಎರವಲು ಸ್ವಿಚ್ಚನ್ನು ಹಿಂದಿರುಗಿಸಬೇಕಿರುವುದರಿಂದ ಬದಲಿ ಯಂತ್ರ ಮೊದಲು ಬಂದರೆ ಅನುಕೂಲ. ತಲುಪಿಸುವ ವಿಳಾಸ ಗಿರಣಿಯದಲ್ಲ, ನಂಜನಗೂಡಿನದು, ಕೆಳಗೆ ಕೊಟ್ಟಿದೆ. ಲಾಗ್, ಹೊರೆಯ ಪಟ್ಟಿ, ಸ್ಟಿಕ್ಕರಿನ ಚಿತ್ರ ಮತ್ತು ಮರುಚಾಲನೆಯ ವಿಡಿಯೊ ಲಗತ್ತಿಸಿದೆ.

ಈ ಪತ್ರದಲ್ಲಿ ‘ತಕ್ಷಣ’ ಎಂಬ ಮಾತಿಲ್ಲ. ಅದರ ಜಾಗದಲ್ಲಿ ಕಾರಣ ಇದೆ. ವಿಷಯದ ಸಾಲಿನಲ್ಲೇ ದೋಷ, ಅದರ ಸ್ಥಿತಿ, ಕೋರಿಕೆ ಮೂರೂ ಬಂದಿವೆ. ಸಪೋರ್ಟಿನವನು ಕೇಳಬಹುದಾದ ಪ್ರಶ್ನೆಗೆಲ್ಲ ಒಂದೊಂದು ವಾಕ್ಯದ ಉತ್ತರವಿದೆ. ಲಾಗನ್ನು ಇಡಿಯಾಗಿ ಪತ್ರದೊಳಗೆ ಸುರಿಯದೆ, ಮುಖ್ಯವಾದ ಮೂರು ಸಾಲನ್ನು ಮಾತ್ರ ಹೊಟ್ಟೆಯಲ್ಲಿಟ್ಟು ಉಳಿದದ್ದನ್ನು ಲಗತ್ತಿಸಲಾಗಿತ್ತು. ಲಗತ್ತಿನ ವಿಷಯದಲ್ಲಿ ಎಚ್ಚರ ಬೇಕು. ಸ್ವಿಚ್ಚಿನ ಪೂರ್ಣ ವರದಿಯಲ್ಲಿ, ಅಂದರೆ ಹಲವು ಯಂತ್ರಗಳಲ್ಲಿ `show tech-support` ಎಂಬ ಆದೇಶಕ್ಕೆ ಬರುವ ಉದ್ದನೆಯ ಫೈಲಿನಲ್ಲಿ, ಪಾಸ್‌ವರ್ಡಿನ ಕುರುಹುಗಳೂ ಒಳಗಿನ ವಿಳಾಸಗಳೂ ಇರಬಹುದು. ಅವನ್ನು ತೆಗೆದು ಕಳಿಸಬೇಕು.

ಸೀರಿಯಲ್ ಸಂಖ್ಯೆಯನ್ನು ಕೇಳುವುದು ವಾರಂಟಿ ನೋಡುವುದಕ್ಕಷ್ಟೇ ಅಲ್ಲ. ಯಂತ್ರ ಯಾವಾಗ ತಯಾರಾಯಿತು, ಯಾವ ತಂಡದ್ದು ಎಂಬುದು ಅದರಿಂದ ತಿಳಿಯುತ್ತದೆ. 2017ರ ಫೆಬ್ರುವರಿಯಲ್ಲಿ ಸಿಸ್ಕೊ ಕಂಪನಿ ತನ್ನ ಕೆಲವು ಯಂತ್ರಗಳ ಬಗ್ಗೆ ಒಂದು ಪ್ರಕಟಣೆ ಹೊರಡಿಸಿತು. ಅವುಗಳಲ್ಲಿ ಬಳಸಿದ್ದ, ಬೇರೊಬ್ಬರು ಪೂರೈಸಿದ ಕ್ಲಾಕ್ ಸಿಗ್ನಲ್ ಬಿಡಿಭಾಗ ಸುಮಾರು 18 ತಿಂಗಳ ಬಳಕೆಯ ನಂತರ ಕೈಕೊಡುವ ಸಂಭವ ಹೆಚ್ಚು, ಒಮ್ಮೆ ಹೋದರೆ ಯಂತ್ರ ಮತ್ತೆ ಏಳುವುದಿಲ್ಲ ಎಂಬುದು ಅದರ ಸಾರ. ಅಂಥ ದೋಷದ ತಂಡಕ್ಕೆ ಸೇರಿದ ಯಂತ್ರವೇ ಎಂದು ಗೊತ್ತಾಗುವುದು ಮಾದರಿ ಮತ್ತು ಸೀರಿಯಲ್ ಸಂಖ್ಯೆಗಳಿಂದಲೇ. ಸೇರಿದ್ದರೆ ಮುಂದಿನ ವಾದದ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಆ ಸಂಖ್ಯೆಯನ್ನು ಕೈಯಲ್ಲಿ ಬರೆದುಕೊಳ್ಳದೆ ಸ್ಟಿಕ್ಕರಿನ ಚಿತ್ರವನ್ನೇ ಕಳಿಸುವುದು ಮೇಲು. ಸೊನ್ನೆಗೂ ಓ ಅಕ್ಷರಕ್ಕೂ ಆಗುವ ಗೊಂದಲದಿಂದ ಪತ್ರ ವಾಪಸಾಗುವುದುಂಟು.

ಪತ್ರದ ನಂತರ

ಈ ಸಲ ಕಂಪನಿಯಿಂದ ಬಂದದ್ದು ಒಂದೇ ಪ್ರಶ್ನೆ: ಅಂಗಡಿಯ ಪರೀಕ್ಷೆಯಲ್ಲಿ ಎಲ್ಲ ಕ್ಯಾಮೆರಾಗಳನ್ನೂ ಬೇರೆ ಪೋರ್ಟುಗಳಿಗೆ ಬದಲಿಸಿ ನೋಡಿದ್ದೀರಾ? ಒಂದು ಪೋರ್ಟ್ ಗುಂಪಿನ ಚಿಪ್ ಮಾತ್ರ ಕೆಟ್ಟಿರಬಹುದೇ ಎಂಬುದು ಅವರ ಅನುಮಾನ. ಒಳ್ಳೆಯ ಪ್ರಶ್ನೆಯೇ. 1ರಿಂದ 14ನೆಯ ಪೋರ್ಟಿನಲ್ಲಿದ್ದವನ್ನು 11ರಿಂದ 24ಕ್ಕೆ ಸರಿಸಿ ನೋಡಿದರೂ ಅದೇ ಹೊರೆಗೆ ಸ್ವಿಚ್ ಬಿತ್ತು. ಅದನ್ನು ಬರೆದ ಮೇಲೆ ಬದಲಿಗೆ ಒಪ್ಪಿ ಒಂದು ವಾಪಸಾತಿ ಸಂಖ್ಯೆ ಕೊಟ್ಟರು. ಈ ಸಂಖ್ಯೆಯನ್ನು ಪೆಟ್ಟಿಗೆಯ ಹೊರಗೆ ಎದ್ದು ಕಾಣುವಂತೆ ಬರೆಯಬೇಕು. ಇಲ್ಲದಿದ್ದರೆ ಅದು ಗೋದಾಮಿನಲ್ಲಿ ಯಾರದೆಂದು ತಿಳಿಯದೆ ಕೊಳೆಯುತ್ತದೆ. ಮಾರಾಟವಲ್ಲದ ಕಾರಣ ಜೊತೆಗೆ ಡೆಲಿವರಿ ಚಲನ್ ಬೇಕು. ದೋಷದ ಸ್ಥಿತಿಯನ್ನು ಹೇಳುವ ಒಂದು ಹಾಳೆಯನ್ನು ಪೆಟ್ಟಿಗೆಯೊಳಗೂ ಇಟ್ಟರೆ ಒಳ್ಳೆಯದು. ಇಮೇಲ್ ಓದಿದವನೇ ಯಂತ್ರವನ್ನು ಪರೀಕ್ಷಿಸುತ್ತಾನೆಂಬ ಖಾತ್ರಿಯಿಲ್ಲ. ಸ್ವಿಚ್ಚಿನ ಸೆಟ್ಟಿಂಗನ್ನು ಫ್ಯಾಕ್ಟರಿ ರೀಸೆಟ್‌ಗೆ ಮೊದಲೇ ಪ್ರತಿ ಮಾಡಿಟ್ಟುಕೊಂಡು, ಕಳಿಸುವಾಗ ಅದು ಯಂತ್ರದಲ್ಲಿ ಉಳಿದಿಲ್ಲವೆಂದು ನೋಡಿಕೊಳ್ಳಬೇಕು. ಅದರಲ್ಲಿರುವುದು ಗಿರಣಿಯ ಒಳಗಿನ ನಕ್ಷೆ.

ಬದಲಿ ಸ್ವಿಚ್ ಬಂದಾಗ ಗಿರಣಿಯ ಮಾಲೀಕರು ‘ಇನ್ನೇನು, ಕೂರಿಸಿಬಿಡಿ ಸಾರ್’ ಎಂದರು. ಆದರೆ ಬದಲಿಯಾಗಿ ಬರುವ ಯಂತ್ರ ಹೊಚ್ಚ ಹೊಸದೇ ಆಗಿರಬೇಕೆಂದಿಲ್ಲ. ರಿಪೇರಿಯಾಗಿ ಪರೀಕ್ಷೆ ಮುಗಿಸಿದ್ದನ್ನು ಕಳಿಸುವ ಪದ್ಧತಿಯೂ ಉಂಟು. ಅದರ ಸಾಫ್ಟ್‌ವೇರ್ ಆವೃತ್ತಿಯೂ ಬೇರೆ ಇರಬಹುದು. ಅದಕ್ಕೇ ಹಳೆಯದು ಸೋತ ಪರೀಕ್ಷೆಯನ್ನೇ ಇದಕ್ಕೂ ಕೊಟ್ಟದ್ದಾಯಿತು. ಅದೇ ಮೇಜು, ಅದೇ 14 ಕ್ಯಾಮೆರಾ, ಎಲ್ಲದಕ್ಕೂ ಟೇಪು, 133 ವ್ಯಾಟ್ ಹೊರೆ, ಒಂದಿಡೀ ರಾತ್ರಿ. ಬೆಳಿಗ್ಗೆ ಎಡೆಬಿಡದೆ ಓಡಿದ ಅವಧಿ ನೋಡಿಕೊಂಡ ಮೇಲೆಯೇ ಅದು ನರಸೀಪುರಕ್ಕೆ ಹೋಯಿತು. ಅಲ್ಲಿ ಒಂದು ವಾರ ಲಾಗಿನಲ್ಲಿ `cold start` ಎಂಬ ಸಾಲು ಬರದಿದ್ದುದನ್ನು ಕಂಡು ಕಂಪನಿಗೆ ಬರೆದೆವು: ದೂರು ಮುಚ್ಚಬಹುದು.